ಗೆದ್ದ ಮೇಲೆ ಒತ್ತುವ ರೆಕಾರ್ಡ್ ಗುಂಡಿ

ವ್ಯಾಲರಂಟ್ ಪಂದ್ಯವೊಂದು 40 ನಿಮಿಷ ನಡೆಯಿತೆನ್ನಿ. ತಂಡದಲ್ಲಿ ಒಬ್ಬನೇ ಉಳಿದ ಆಟಗಾರ ಎದುರಾಳಿಗಳಲ್ಲಿ ಮೂವರನ್ನು ಉರುಳಿಸಿ ರೌಂಡ್ ಗೆದ್ದ. ಗೆಳೆಯರಿಗೆ ತೋರಿಸಬೇಕಾದದ್ದು ಅಷ್ಟೇ. ಸೆಕೆಂಡಿಗೆ 20 ಮೆಗಾಬಿಟ್ ಲೆಕ್ಕದಲ್ಲಿ ಇಡೀ ಪಂದ್ಯವನ್ನು ರೆಕಾರ್ಡ್ ಮಾಡಿದರೆ ಸುಮಾರು 6 ಜಿಬಿ ಆಗುತ್ತದೆ. ಬೇಕಾದ 30 ಸೆಕೆಂಡಿನ ತುಣುಕಿಗೆ 75 ಎಂಬಿ ಸಾಕು.

ಉಚಿತವಾಗಿ ಸಿಗುವ OBS Studio ತಂತ್ರಾಂಶದ Replay Buffer ಇದಕ್ಕೆಂದೇ ಇರುವ ಸೌಲಭ್ಯ. ಇದು ಆಟದ ದೃಶ್ಯವನ್ನು ಡಿಸ್ಕಿಗೆ ಬರೆಯುವುದಿಲ್ಲ, ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹೊಸದು ಬಂದಂತೆ ಹಳೆಯದನ್ನು ಬಿಟ್ಟುಕೊಡುತ್ತದೆ. ಫುಲ್ ಎಚ್‌ಡಿ ದೃಶ್ಯವನ್ನು ಸೆಕೆಂಡಿಗೆ 60 ಚೌಕಟ್ಟಿನಂತೆ ಹಾಗೆಯೇ ಇಟ್ಟರೆ 30 ಸೆಕೆಂಡಿಗೇ 5 ಜಿಬಿ ದಾಟುತ್ತದೆ. ಆದ್ದರಿಂದ ಮೊದಲು ಕುಗ್ಗಿಸಿ, ಆಮೇಲೆ ರ‍್ಯಾಮ್‌ಗೆ ಸೇರಿಸುತ್ತದೆ. ಗುಂಡಿ ಒತ್ತಿದಾಗ ಮತ್ತೆ ಕುಗ್ಗಿಸುವ ಕೆಲಸವಿಲ್ಲದ ಕಾರಣ ಕಡತ ಬೇಗ ಸಿದ್ಧವಾಗುತ್ತದೆ.

ಆದರೆ ತುಣುಕು ಕರಾರುವಾಕ್ಕಾಗಿ 30 ಸೆಕೆಂಡ್ ಇರುವುದಿಲ್ಲ. ಕುಗ್ಗಿಸಿದ ವಿಡಿಯೊದಲ್ಲಿ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಪೂರ್ಣ ಚಿತ್ರವಿರುತ್ತದೆ. ಅದನ್ನು ಕೀಫ್ರೇಮ್ ಎನ್ನುತ್ತಾರೆ. ನಡುವಿನ ಚೌಕಟ್ಟುಗಳಲ್ಲಿ ಇರುವುದು ಬದಲಾವಣೆಯ ವಿವರವಷ್ಟೆ; ಕೀಫ್ರೇಮ್ ಇಲ್ಲದೆ ಅವು ಮೂಡಲಾರವು. ರೈಲಿನಿಂದ ಬೋಗಿಯನ್ನು ಇಡಿಯಾಗಿ ಕಳಚಬಹುದೇ ಹೊರತು ಅರ್ಧ ಬೋಗಿಯನ್ನಲ್ಲ. ಹಾಗೆಯೇ ಇಲ್ಲಿ ಹಳೆಯ ಭಾಗ ಕೀಫ್ರೇಮಿನಿಂದ ಕೀಫ್ರೇಮಿನವರೆಗೆ ಒಟ್ಟಾಗಿ ಹೋಗುತ್ತದೆ. ಕೀಫ್ರೇಮುಗಳ ನಡುವೆ 2 ಸೆಕೆಂಡ್ ಅಂತರವಿದ್ದರೆ ತುಣುಕಿನ ಉದ್ದದಲ್ಲೂ ಅಷ್ಟು ಏರುಪೇರು ಸಹಜ. 30 ಸೆಕೆಂಡ್ ಬೇಕೇ ಬೇಕೆಂದರೆ 35 ಎಂದು ಹೊಂದಿಸಿಕೊಳ್ಳುವುದು ಒಳ್ಳೆಯದು.

ಹೊಂದಿಸುವುದು ಹೀಗೆ: Settings ಒಳಗಿನ Output ಪುಟದಲ್ಲಿ Replay Buffer ಚಾಲೂ ಮಾಡಿ, Maximum Replay Time ಎಂಬಲ್ಲಿ ಸೆಕೆಂಡುಗಳನ್ನು ಬರೆಯಬೇಕು. Hotkeys ಪುಟದಲ್ಲಿ Save Replay ಎದುರು, ಆಟದಲ್ಲಿ ಬಳಕೆಯಾಗದ ಒಂದು ಕೀಲಿಯನ್ನು ಕೊಡಬೇಕು. ಕೊನೆಗೆ ಮುಖ್ಯ ಕಿಟಕಿಯಲ್ಲಿ Start Replay Buffer ಒತ್ತಬೇಕು. ಹಲವರು ಎಡವುವುದು ಇಲ್ಲೇ. ಸೌಲಭ್ಯವನ್ನು ಚಾಲೂ ಮಾಡಿದ ಮಾತ್ರಕ್ಕೆ ಅದು ಸಂಗ್ರಹ ಶುರು ಮಾಡುವುದಿಲ್ಲ. ಶುರುವಾಗುವುದಕ್ಕೆ ಮೊದಲಿನ ಆಟ ಯಾವ ಕೀಲಿ ಒತ್ತಿದರೂ ಸಿಗದು.

ಕೀಲಿ ಒತ್ತಿದರೂ ಫೋಲ್ಡರಿನಲ್ಲಿ ಕಡತ ಕಾಣದಿದ್ದರೆ ಇನ್ನೊಂದು ಕಾರಣವಿರಬಹುದು. ವಿಂಡೋಸ್‌ನಲ್ಲಿ ಆಟವನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದು, OBS ಅನ್ನು ಮಾಮೂಲಾಗಿ ತೆರೆದಿದ್ದರೆ ಆಟದೊಳಗೆ ಒತ್ತಿದ ಕೀಲಿ ಅದಕ್ಕೆ ತಲುಪದೇ ಹೋಗಬಹುದು. ಆಗ OBS ಅನ್ನೂ ಅದೇ ಅಧಿಕಾರದಲ್ಲಿ ತೆರೆಯಬೇಕು.

30 ಸೆಕೆಂಡಿನ ಲೆಕ್ಕ ಕೀಲಿ ಒತ್ತಿದ ಕ್ಷಣದಿಂದ ಹಿಂದಕ್ಕೆ ಹೋಗುತ್ತದೆ. ಗೆದ್ದ ಸಂಭ್ರಮದಲ್ಲಿ 20 ಸೆಕೆಂಡ್ ಕಳೆದರೆ ಆಟಕ್ಕೆ ಉಳಿಯುವುದು 10 ಮಾತ್ರ. ರೌಂಡ್ ಮುಗಿದು ಎರಡು ಮೂರು ಸೆಕೆಂಡಿಗೆ ಒತ್ತಿದರೆ ಮೂರೂ ಹೊಡೆತಗಳು, ಗೆಲುವಿನ ಫಲಕ ಎರಡೂ ಬರುತ್ತವೆ. ಒತ್ತಿದ ಮೇಲೂ ಸಂಗ್ರಹ ಖಾಲಿಯಾಗುವುದಿಲ್ಲ. ಹಾಗಾಗಿ ಅನುಮಾನವಿದ್ದರೆ ಈಗೊಮ್ಮೆ, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಒತ್ತಬಹುದು. ಎರಡು ಕಡತಗಳಲ್ಲಿ ಒಂದಷ್ಟು ಭಾಗ ಪುನರಾವರ್ತನೆಯಾಗುತ್ತದೆ, ಅಷ್ಟೆ. ಪಂದ್ಯ ಶುರುವಾಗುವ ಮುನ್ನ ಒಂದು ತುಣುಕು ಉಳಿಸಿ, ಚಿತ್ರವೂ ದನಿಯೂ ಬಂದಿವೆಯೇ ಎಂದು ತೆರೆದು ನೋಡಿಕೊಳ್ಳಿ.