ನೋಯುವ ಕೀಲಿಗೆ ವಿಶ್ರಾಂತಿಯೋ, ವ್ಯಾಯಾಮವೋ?

ಬೆಳಗಿನ ಆರು ಗಂಟೆಯ ಹೊತ್ತು. ಹೊಸಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಇಡಲು ಕುಳಿತ 27 ವರ್ಷದ ತರುಣಿಗೆ ಬೆರಳುಗಳ ನಡುವೆ ಪುಡಿ ನಿಲ್ಲದಾಯಿತು. ಎರಡು ಮಣಿಕಟ್ಟುಗಳೂ ಊದಿಕೊಂಡಿದ್ದವು. ಬೆರಳುಗಳ ಬುಡದ ಗೆಣ್ಣುಗಳು ಬೆಚ್ಚಗಾಗಿ ನೋಯುತ್ತಿದ್ದವು. ಎಂಟು ಗಂಟೆ ಹೊಡೆಯುವವರೆಗೆ ಆಕೆಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ಆಕೆಗೆ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಯಿತು.

“ವಾಯುವಿನ ನೋವು ಕಣಮ್ಮ, ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡು ಮಲಗು,” ಎಂದರು ಅತ್ತೆ. “ಮಲಗಿದರೆ ಕೀಲು ಹಿಡಿದುಕೊಳ್ಳುತ್ತದೆ, ಕೆಲಸ ಮಾಡುತ್ತಿದ್ದರೆ ತಾನೇ ಬಿಡುತ್ತದೆ,” ಎಂದರು ನೆರೆಮನೆಯಾಕೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದ್ದಿತು. ಯಾವ ದಿನ ಯಾವ ಅರ್ಧ ಸತ್ಯವೆಂಬುದನ್ನು ಅರಿಯುವುದರಲ್ಲಿಯೇ ಈ ರೋಗವನ್ನು ನಿಭಾಯಿಸುವ ಗುಟ್ಟು ಅಡಗಿದೆ.

ಎರಡು ತಿಂಗಳು ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿದ ವೈದ್ಯರು ಇದನ್ನು ರುಮಟಾಯ್ಡ್ ಸಂಧಿವಾತವೆಂದು ಗುರುತಿಸಿದರು. ಇದು ಮುಪ್ಪಿನಲ್ಲಿ ಮೊಣಕಾಲು ಸವೆದು ಬರುವ ನೋವಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ದಾರಿತಪ್ಪಿ, ಕೀಲಿನ ಒಳಪೊರೆಯ ಮೇಲೆಯೇ ಎರಗುವುದರಿಂದ ಬರುವ ಉರಿಯೂತ. ಪೊರೆ ಊದಿ ದಪ್ಪವಾಗಿ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಹಾಗೆ ಕೊರೆದುಹೋದ ಎಲುಬು ಮತ್ತೆ ಮೊದಲಿನಂತಾಗುವುದು ವಿರಳ. ಬೆಳಗಿನ ಬಿಗಿತ ಒಂದು ಗಂಟೆಗೂ ಮಿಕ್ಕಿ ಇರುವುದು, ಎರಡು ಕೈಗಳ ಅವೇ ಕೀಲುಗಳು ಊದುವುದು, ಇವು ಇದರ ಮುಖ್ಯ ಸೂಚನೆಗಳು.

ಆದ್ದರಿಂದ ಮೊದಲ ಸ್ಥಾನ ಔಷಧಕ್ಕೇ ಸಲ್ಲತಕ್ಕದ್ದು. ಎಷ್ಟೇ ವಿಶ್ರಾಂತಿ, ಎಷ್ಟೇ ವ್ಯಾಯಾಮ ಮಾಡಿದರೂ ಒಳಗಿನ ಬೆಂಕಿ ಆರದು. ಈ ತರುಣಿಗೆ ವೈದ್ಯರು ಕೊಟ್ಟದ್ದು ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆಕೆ ಭಾನುವಾರವನ್ನು ಗೊತ್ತುಮಾಡಿಕೊಂಡು ಪಂಚಾಂಗದ ಹಾಳೆಯ ಮೇಲೆ ಗುರುತು ಹಾಕತೊಡಗಿದಳು. ಜೊತೆಗೆ ಕೊಟ್ಟ ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನಕ್ಕೆ. ಗುಣ ಕಾಣಲು ಆರರಿಂದ ಹನ್ನೆರಡು ವಾರಗಳು ಬೇಕು. ನಡುವೆ ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ತಪ್ಪಕೂಡದು. ಮದುವೆಯಾಗಿ ಎರಡು ವರ್ಷವಾಗಿದ್ದ ಆಕೆಗೆ ವೈದ್ಯರು ಇನ್ನೊಂದು ಮಾತನ್ನು ಒತ್ತಿ ಹೇಳಿದರು: ಈ ಔಷಧ ಗರ್ಭಸ್ಥ ಶಿಶುವಿಗೆ ಹಾನಿಕರ, ಮಗುವನ್ನು ಬಯಸುವ ಮುನ್ನವೇ ತಿಳಿಸಿದರೆ ಬೇರೆ ಔಷಧಕ್ಕೆ ಬದಲಾಯಿಸಬಹುದು.

ಔಷಧ ತನ್ನ ಕೆಲಸ ಮಾಡುತ್ತಿರುವಾಗ ಕೈಗಳನ್ನು ಹೇಗೆ ನಡೆಸಿಕೊಳ್ಳಬೇಕು? ಕೀಲು ಬಿಸಿಯಾಗಿ ಊದಿದ್ದರೆ ಅದಕ್ಕೆ ಭಾರ ಹೊರಿಸಲಾಗದು. ಆದರೂ ದಿನಕ್ಕೆ ಒಂದೆರಡು ಬಾರಿ ಅದು ಎಷ್ಟು ಬಾಗುವುದೋ ಅಷ್ಟರವರೆಗೆ ಮೆಲ್ಲನೆ ಆಡಿಸಬೇಕು. ಇಲ್ಲವಾದರೆ ಬಿಗಿತ ಶಾಶ್ವತವಾಗಿ ನಿಲ್ಲಬಹುದು. ಊತ ಇಳಿದು ಕೀಲು ತಣ್ಣಗಾದ ಮೇಲೆ ಮಾತ್ರ ಬಲ ಕೂಡಿಸುವ ವ್ಯಾಯಾಮ ಸಲ್ಲುತ್ತದೆ.

ಆಕೆ ಕಲಿತದ್ದು ಸರಳವಾದ ಚಲನೆಗಳನ್ನು. ಮೇಜಿನ ಅಂಚಿನಲ್ಲಿ ಮೊಣಕೈವರೆಗಿನ ತೋಳನ್ನು ಊರಿ, ಮಣಿಕಟ್ಟನ್ನು ಮೇಲಕ್ಕೂ ಕೆಳಕ್ಕೂ ಐದು ಬಾರಿ ಆಡಿಸುವುದು. ಸಡಿಲವಾಗಿ ಮುಷ್ಟಿ ಕಟ್ಟಿ ಬಿಡಿಸುವುದು. ಹೆಬ್ಬೆರಳಿನ ತುದಿಯನ್ನು ಒಂದೊಂದು ಬೆರಳಿಗೂ ತಾಗಿಸುವುದು. ಕೀಲುಗಳು ಶಾಂತವಾಗಿರುವ ದಿನಗಳಲ್ಲಿ ಇವುಗಳೊಡನೆ ಮೆತ್ತನೆಯ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತುವುದು, ಸಂಜೆ ಇಪ್ಪತ್ತು ನಿಮಿಷ ನಡೆಯುವುದು. ಇಂಗ್ಲೆಂಡಿನಲ್ಲಿ 490 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕ್ರಮವಾಗಿ ಕೈವ್ಯಾಯಾಮ ಮಾಡಿದವರ ಕೈಗಳು ಒಂದು ವರ್ಷದ ನಂತರ ಉಳಿದವರಿಗಿಂತ ಹೆಚ್ಚು ಚುರುಕಾಗಿದ್ದವು. ಅದರಿಂದ ಅವರ ನೋವೇನೂ ಹೆಚ್ಚಲಿಲ್ಲ.

ಮಿತಿಯನ್ನು ಅರಿಯಲು ಒಂದು ಅಳತೆಗೋಲಿದೆ. ವ್ಯಾಯಾಮವಾದ ಎರಡು ಗಂಟೆಗಳ ಮೇಲೂ ನೋವು ಮೊದಲಿಗಿಂತ ಹೆಚ್ಚಾಗಿಯೇ ಉಳಿದರೆ, ಮಾಡಿದ್ದು ಅತಿಯಾಯಿತೆಂದೇ ಅರ್ಥ. ಆಗ ಮರುದಿನ ವ್ಯಾಯಾಮವನ್ನು ಬಿಡಬೇಕಾಗಿಲ್ಲ. ಕಡಿಮೆ ಮಾಡಿದರೆ ಸಾಕು.

ಎಷ್ಟು ಜಾಗರೂಕತೆ ವಹಿಸಿದರೂ ಈ ರೋಗ ಒಮ್ಮೊಮ್ಮೆ ಉಲ್ಬಣಿಸುತ್ತದೆ. ಅತಿ ದುಡಿಮೆ, ಸೋಂಕು, ಔಷಧ ತಪ್ಪಿದ್ದು ಕಾರಣವಾಗಬಹುದು. ಕಾರಣವೇ ಕಾಣದೆಯೂ ಇರಬಹುದು. ನೋವಿನ ನಡುವೆ ವಿವೇಕ ಓಡುವುದಿಲ್ಲ. ಆದುದರಿಂದ ಸುಖವಾಗಿದ್ದ ದಿನವೊಂದರಲ್ಲಿ ವೈದ್ಯರೂ ಆಕೆಯೂ ಕೂಡಿ ಒಂದು ಹಾಳೆಯ ಮೇಲೆ ಯೋಜನೆಯನ್ನು ಬರೆದಿಟ್ಟರು. ನೋವುಶಾಮಕ ಮಾತ್ರೆ ಯಾವುದು, ಎಷ್ಟು, ಊಟವಾದ ಮೇಲೆ ಎಷ್ಟು ದಿನ. ಮಣಿಕಟ್ಟಿನ ಪಟ್ಟಿಯನ್ನು ಯಾವಾಗ ಕಟ್ಟಬೇಕು. ಮನೆಯ ಯಾವ ಕೆಲಸ ಯಾರಿಗೆ. ಯಾವ ಹಂತದಲ್ಲಿ ವೈದ್ಯರಿಗೆ ತಿಳಿಸಬೇಕು, ಇಷ್ಟೂ ಅದರಲ್ಲಿದ್ದವು.

ಮೈದುನನ ಮದುವೆಯ ವಾರದಲ್ಲಿ ಆ ಹಾಳೆ ಉಪಯೋಗಕ್ಕೆ ಬಂದಿತು. ಎರಡು ದಿನ ಬಂಧುಗಳ ಉಪಚಾರದಲ್ಲಿ ಒದ್ದೆ ಬಟ್ಟೆ ಹಿಂಡಿ, ತುಂಬಿದ ಕೊಡಗಳನ್ನು ಎತ್ತಿ, ಮೂರನೆಯ ಬೆಳಗ್ಗೆ ಆಕೆ ಎದ್ದಾಗ, ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಇರುತ್ತಿದ್ದ ಬಿಗಿತ ಒಂದೂವರೆ ಗಂಟೆಯಾದರೂ ಬಿಡಲಿಲ್ಲ. ಆಕೆ ಹಾಳೆಯನ್ನು ಗಂಡನ ಕೈಗಿತ್ತಳು. ನೀರು ಹೊರುವ ಕೆಲಸ ಆತನದಾಯಿತು. ಬಟ್ಟೆಗಳನ್ನು ಹಿಂಡುವ ಬದಲು ನಲ್ಲಿಗೆ ಸುತ್ತಿ ನೀರು ಇಳಿಸಿದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟಳು. ಹಿಟ್ಟಿನ ಉಂಡೆ ಮೂಲೆ ಸೇರಿತು. ಬೆರಳಾಡಿಸುವುದು ಮಾತ್ರ ನಿಲ್ಲಲಿಲ್ಲ. ಭಾನುವಾರದ ಮಾತ್ರೆಯೂ ತಪ್ಪಲಿಲ್ಲ. ಪಂಚಾಂಗದ ಹಾಳೆಯ ಅಂಚಿನಲ್ಲಿ ದಿನವೂ ಬಿಗಿತದ ನಿಮಿಷಗಳನ್ನು ಬರೆದಳು: 90, 90, 70, 50. ಅಂಕೆ ಇಳಿಯುತ್ತಿದ್ದುದರಿಂದ ಧೈರ್ಯ ಬಂದಿತು. ಒಂದು ವಾರವಾದರೂ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಬೇಕೆಂದು ಅದರಲ್ಲಿ ಬರೆದಿದ್ದಿತು. ಎರಡನೆಯ ವಾರಕ್ಕೆ ಬಿಗಿತ ಮೊದಲಿನಂತೆ ಇಪ್ಪತ್ತು ನಿಮಿಷಕ್ಕೆ ಬಂದು ನಿಂತಿತು.

ಎರಡು ಎಚ್ಚರಿಕೆಗಳು ಹಾಳೆಯ ಕೆಳಗೆ ಕೆಂಪು ಮಸಿಯಲ್ಲಿದ್ದವು. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಊದಿ ಜ್ವರ ಬಂದರೆ, ಅದನ್ನು ರೋಗದ ಉಲ್ಬಣವೆಂದು ಕುಳಿತಿರಬಾರದು. ಕೀಲಿನೊಳಗೆ ಸೋಂಕು ಸೇರಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬೇರೆ ಯಾವುದೇ ಜ್ವರ ಬಂದಾಗಲೂ ವಾರದ ಮಾತ್ರೆಯನ್ನು ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಎರಡನೆಯದು ಅಂಗಡಿಯ ಹೆಸರಿಲ್ಲದ ನೋವಿನ ಪುಡಿಗಳ ವಿಷಯ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1948ರಲ್ಲಿ ಇದೇ ರೋಗದ ಒಬ್ಬ ಯುವತಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಆದರೆ ಔಷಧ ನಿಂತೊಡನೆ ರೋಗ ಮರಳುವುದೂ, ದೀರ್ಘಕಾಲ ಸೇವಿಸಿದರೆ ಎಲುಬು ಸವೆಯುವುದೂ ಬೇಗನೆ ತಿಳಿದುಬಂದವು. ವೈದ್ಯರು ಅದನ್ನು ಇಂದಿಗೂ ಕೊಡುತ್ತಾರೆ, ಅಳೆದು, ಸ್ವಲ್ಪ ಕಾಲ ಮಾತ್ರ. ದೀರ್ಘಕಾಲ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲ.

ಈಗ ಆಕೆ ರಂಗೋಲಿ ಇಡುವುದು ಆರಕ್ಕಲ್ಲ, ಏಳಕ್ಕೆ; ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಆಡಿಸಿಕೊಂಡ ಮೇಲೆ. ಅತ್ತೆ ಹೇಳಿದ ವಿಶ್ರಾಂತಿಗೂ ನೆರೆಮನೆಯಾಕೆ ಹೇಳಿದ ದುಡಿಮೆಗೂ ಆಕೆಯ ದಿನಚರಿಯಲ್ಲಿ ಸ್ಥಾನವಿದೆ. ಯಾವುದಕ್ಕೆ ಎಷ್ಟು ಎಂಬುದನ್ನು ಪಂಚಾಂಗದ ಅಂಚಿನ ಅಂಕೆಗಳು ಹೇಳುತ್ತವೆ.