ಇಫ್ತಾರ್ ಬೋರ್ಡಿನ ಏಳು ನಿಮಿಷ

ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಹೋಟೆಲೊಂದು ರಮಝಾನ್‌ಗೆಂದು ಹೀಗೊಂದು ಬೋರ್ಡು ಬರೆಸಿತೆಂದುಕೊಳ್ಳಿ: 'ಸಂಜೆ 6.30ಕ್ಕೆ ಇಫ್ತಾರ್. ಪಾರ್ಸೆಲ್ ಸಿಗುತ್ತದೆ.' ಓದಿದರೆ ತಪ್ಪೇನೂ ಕಾಣದು. ಆದರೆ ಆ 6.30 ಯಾವ ಊರಿನದು?

ಬೆಂಗಳೂರಿನ ಕ್ಯಾಲೆಂಡರ್ ನೋಡಿ ಬರೆದದ್ದಾದರೆ, ಬೋರ್ಡನ್ನು ನಂಬಿ ಖರ್ಜೂರ ಬಾಯಿಗಿಟ್ಟವನ ಅಂದಿನ ಉಪವಾಸ ಕೆಟ್ಟಿತು. ಸಕಲೇಶಪುರ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ. ಇಲ್ಲಿ ಸೂರ್ಯ ಮುಳುಗುವುದು ಅಲ್ಲಿಗಿಂತ ಸುಮಾರು ಏಳು ನಿಮಿಷ ತಡವಾಗಿ. ಆಲೂರಿನಲ್ಲಿ ಆರು ನಿಮಿಷದಷ್ಟು ತಡ. ಮಂಗಳೂರಿನ ಕ್ಯಾಲೆಂಡರ್ ಹಿಡಿದರೆ ಉಪವಾಸವೇನೋ ಉಳಿಯುತ್ತದೆ, ಆದರೆ ಸಕಲೇಶಪುರದವರು ನಾಲ್ಕು ನಿಮಿಷ ವೃಥಾ ಕಾಯಬೇಕಾಗುತ್ತದೆ. ಸಮಯವಾದ ಕೂಡಲೇ ತೊರೆಯುವುದು ಸುನ್ನತ್ ತಾನೇ?

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ತಗ್ಗಿನ ಕಾಫಿ ತೋಟದಲ್ಲಿ ನಿಂತವರಿಗೆ ಸೂರ್ಯ ಗುಡ್ಡದ ಹಿಂದೆ ಬೇಗನೆ ಮರೆಯಾಗುತ್ತಾನೆ. ಅದು ಮಗ್ರಿಬ್ ಅಲ್ಲ. ಬಾಂಗ್ ಕೇಳಿಸದ ತೋಟಗಳಿಂದ ಬಂದು ಪಾರ್ಸೆಲ್ ಒಯ್ಯುವವರಿಗೆ ಸ್ಥಳೀಯ ಮಸೀದಿಯ ವೇಳಾಪಟ್ಟಿಯೇ ಆಧಾರ.

ಆದ್ದರಿಂದ ಮಾರಾಟದ ಸಮಯ ಬೇರೆ, ಇಫ್ತಾರಿನ ಸಮಯ ಬೇರೆ ಎಂಬುದು ಬೋರ್ಡಿನಲ್ಲೇ ತಿಳಿಯಬೇಕು. ಹೀಗೆ ಬರೆಯಬಹುದು: 'ಇಫ್ತಾರ್ ಪ್ಯಾಕೆಟ್ ಸಂಜೆ 5ರಿಂದ ಲಭ್ಯ. ಹೋಟೆಲಿನಲ್ಲಿ ಇಫ್ತಾರ್ ನಮ್ಮೂರ ಮಸೀದಿಯ ಮಗ್ರಿಬ್ ಬಾಂಗ್ ಆದ ಬಳಿಕ. ಇಂದಿನ ಸಮಯ: ....' ಕೊನೆಯ ಜಾಗವನ್ನು ಸೀಮೆಸುಣ್ಣದಲ್ಲಿ ದಿನವೂ ತುಂಬಬೇಕು. 2008ರಲ್ಲಿ ರಮಝಾನ್ ಸೆಪ್ಟೆಂಬರಿನಲ್ಲಿ ಬಂದಾಗ ತಿಂಗಳೊಳಗೆ ಸೂರ್ಯಾಸ್ತ ಸುಮಾರು ಇಪ್ಪತ್ತು ನಿಮಿಷ ಹಿಂದೆ ಸರಿದಿತ್ತು. ಫೆಬ್ರವರಿ-ಮಾರ್ಚ್‌ನಲ್ಲಿ ಬಂದರೆ ವ್ಯತ್ಯಾಸ ನಾಲ್ಕೈದು ನಿಮಿಷವಷ್ಟೆ. ಆದರೂ ಇಡೀ ತಿಂಗಳಿಗೆ ಒಂದೇ ಸಮಯ ಅಚ್ಚು ಹಾಕಿಸುವುದು ಸರಿಯಲ್ಲ. ಇನ್ನು 'ಹಸಿದವರಿಗೆ ಭರ್ಜರಿ ಆಫರ್' ಎಂಬಂಥ ಮಾತು ಇಬಾದತ್ತಿನ ತಿಂಗಳಿಗೆ ಒಪ್ಪುವುದಿಲ್ಲ. ದರ ಬರೆದರೆ ಸಾಕು.

ಪಾರ್ಸೆಲ್ ಕಟ್ಟುವಾಗಲೂ ಬಸ್ಸಿನಲ್ಲಿರುವವನನ್ನು ನೆನೆಯಬೇಕು. ಖರ್ಜೂರ ಮತ್ತು ನೀರು ಎಲ್ಲಕ್ಕಿಂತ ಮೇಲಿರಲಿ. ಕತ್ತಲಲ್ಲಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ತಡಕಾಡುವಂತಾಗಬಾರದು. ಗಂಜಿಗೆ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ಸಮೋಸಕ್ಕೆ ಕಾಗದದ ಪೊಟ್ಟಣ, ಅದೂ ಬಾಯಿ ತೆರೆದು. ಬಿಸಿಬಿಸಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ತನ್ನದೇ ಹಬೆಗೆ ಅದು ಮೆತ್ತಗಾಗುತ್ತದೆ.

ಪ್ಯಾಕೆಟ್ಟಿನ ಚೀಟಿಯಲ್ಲಿ ಸಕಲೇಶಪುರದ ಸಮಯವನ್ನು ಮಾತ್ರ ಬರೆದರೂ ಸಾಲದು. ಮಂಗಳೂರಿನತ್ತ ಹೊರಟವನಿಗೆ ಉಪ್ಪಿನಂಗಡಿಯ ಹೊತ್ತಿಗೆ ಮಗ್ರಿಬ್ ಇನ್ನೆರಡು ನಿಮಿಷ ಮುಂದೆ ಹೋಗಿರುತ್ತದೆ. ಹಾಸನದತ್ತ ಹೊರಟವನಿಗೆ ಒಂದು ನಿಮಿಷದಷ್ಟು ಮೊದಲೇ ಆಗುತ್ತದೆ. 'ಇದು ಸಕಲೇಶಪುರದ ಸಮಯ. ಪ್ರಯಾಣದಲ್ಲಿರುವವರು ತಾವಿರುವ ಸ್ಥಳದ ಮಗ್ರಿಬ್ ನೋಡಿಕೊಳ್ಳಿ' ಎಂದು ಕೆಳಗೊಂದು ಸಾಲು ಸೇರಿಸಿದರಾಯಿತು.