ಫಾರ್ವರ್ಡ್ ಮಾಡಿದಾಗ ಚಿತ್ರದ ಜೊತೆ ಏನು ಹೋಗುತ್ತದೆ, ಏನು ಹಿಂದೆ ಉಳಿಯುತ್ತದೆ?

ಬೋಧನಾಭ್ಯಾಸಕ್ಕೆ ಹೋಗುವ ಮುಂಚಿನ ಭಾನುವಾರ ನಮ್ಮ ಸಮಾಜ ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿಗಳು ಬಳ್ಳಿಗಾವಿ ಮತ್ತು ತಾಳಗುಂದಕ್ಕೆ ಕ್ಷೇತ್ರ ಭೇಟಿ ಮಾಡಿದ್ದರು. ಮೂವರು ಚಿತ್ರ ತೆಗೆದು, ಪ್ರತಿಯೊಂದರ ಕೆಳಗೂ ಅಡಿಬರಹ ಬರೆದು, ಭೇಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅಲ್ಲಿಂದ ಒಬ್ಬರು ಅವುಗಳನ್ನು ಆರು ಶಾಲಾ ತಂಡಗಳ ಗ್ರೂಪುಗಳಿಗೆ ಕಳುಹಿಸಿದರು.

ಆ ವಾರ 8ನೇ ತರಗತಿಯಲ್ಲಿ ಕದಂಬರ ಪಾಠ. ನಾನು ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶಿಕ್ಷಣಾರ್ಥಿಯು ಒಂದು ಎತ್ತರದ ಕಂಬದ ಚಿತ್ರ ತೋರಿಸಿ, ಮಯೂರಶರ್ಮನ ಕಥೆ ಹೇಳುವ ತಾಳಗುಂದದ ಸ್ತಂಭ ಇದೇ ಎಂದು ವಿವರಿಸಿದರು. ಬಳ್ಳಿಗಾವಿಯಿಂದ ಬರುವ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಅದು ತಾಳಗುಂದದ್ದಲ್ಲ, ನಮ್ಮೂರಿನ ಗಂಡಭೇರುಂಡದ ಕಂಬ."

ಹುಡುಗ ಹೇಳಿದ್ದೇ ಸರಿ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭ 5ನೇ ಶತಮಾನದ್ದು, ಕದಂಬ ಶಾಂತಿವರ್ಮನ ಕಾಲದ್ದು. ಅದರ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜ ಕವಿ. ಬಳ್ಳಿಗಾವಿಯ ಭೇರುಂಡೇಶ್ವರ ಸ್ತಂಭ ಕಲ್ಯಾಣ ಚಾಲುಕ್ಯರ ಕಾಲದ್ದು, 1047ರದ್ದು. ಎರಡಕ್ಕೂ ನಡುವೆ ಸುಮಾರು 600 ವರ್ಷಗಳ ಅಂತರ. ಪ್ರಶಿಕ್ಷಣಾರ್ಥಿಗೆ ಇತಿಹಾಸ ಗೊತ್ತಿರಲಿಲ್ಲ ಎಂದಲ್ಲ. ಅವರ ಕೈಗೆ ಬಂದ ಚಿತ್ರಕ್ಕೆ ಹೆಸರೇ ಇರಲಿಲ್ಲ. ಪಾಠದ ನಂತರ ಇಬ್ಬರೂ ಫೋನ್ ಹಿಡಿದು ಕುಳಿತು, ಅಡಿಬರಹ ಎಲ್ಲಿ ಕಳೆದುಹೋಯಿತು ಎಂದು ಹುಡುಕಿದೆವು.

ಕಳೆದುಹೋದದ್ದು ಎಲ್ಲಿ?

ಎರಡು ತಪ್ಪುಗಳು ಸೇರಿಕೊಂಡಿದ್ದವು. ಮೊದಲನೆಯದು, ಕಳುಹಿಸಿದವರು ಚಿತ್ರಗಳನ್ನು ಗ್ರೂಪಿನಿಂದ ನೇರವಾಗಿ ಫಾರ್ವರ್ಡ್ ಮಾಡಿರಲಿಲ್ಲ. ಚಿತ್ರಗಳು ಫೋನಿನ ಗ್ಯಾಲರಿಗೆ ಇಳಿದಿದ್ದವು, ಅವರು ಅಲ್ಲಿಂದ ಆರಿಸಿ ಹಂಚಿದ್ದರು. ಗ್ಯಾಲರಿಗೆ ಇಳಿಯುವುದು ಚಿತ್ರದ ಕಡತ ಮಾತ್ರ. ಅಡಿಬರಹ ಆ ಕಡತದ ಒಳಗಿಲ್ಲ, ಅದು ಸಂದೇಶದ ಭಾಗ. ಆದ್ದರಿಂದ ಗ್ಯಾಲರಿಯಿಂದ ಹೊರಟ ಚಿತ್ರಕ್ಕೆ ಅಡಿಬರಹವೂ ಇಲ್ಲ, ತೆಗೆದವರ ಹೆಸರೂ ಇಲ್ಲ, "Forwarded" ಎಂಬ ಗುರುತೂ ಇಲ್ಲ. ನೋಡಿದವರಿಗೆ ಕಳುಹಿಸಿದವರೇ ತೆಗೆದ ಹೊಸ ಚಿತ್ರದಂತೆ ಕಾಣುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಭೇಟಿಯ ಗ್ರೂಪಿನಲ್ಲಿ ತಾಳಗುಂದದ ಚಿತ್ರಕ್ಕೆ ಉತ್ತರವಾಗಿ ಒಬ್ಬರು "ಕದಂಬರ ಶಾಸನ ಇರುವ ಕಂಬ ಇದೇ, ಪಾಠದಲ್ಲಿ ಇದನ್ನು ತೋರಿಸಿ" ಎಂದು ಬರೆದಿದ್ದರು. ಅಲ್ಲಿ ಆ ಮಾತಿನ ಮೇಲೆ ತಾಳಗುಂದದ ಚಿತ್ರದ ಚಿಕ್ಕ ತುಣುಕು ಕಾಣುತ್ತಿತ್ತು, ಹಾಗಾಗಿ "ಇದೇ" ಎಂದರೆ ಯಾವುದು ಎಂಬುದು ಸ್ಪಷ್ಟವಾಗಿತ್ತು. ಉತ್ತರವನ್ನು ಫಾರ್ವರ್ಡ್ ಮಾಡಿದಾಗ ಆ ತುಣುಕು ಜೊತೆಗೆ ಹೋಗುವುದಿಲ್ಲ, ಮಾತು ಒಂಟಿಯಾಗಿ ಹೋಗುತ್ತದೆ. ಶಾಲಾ ತಂಡದ ಗ್ರೂಪಿನಲ್ಲಿ ಅದು ಭೇರುಂಡೇಶ್ವರ ಸ್ತಂಭದ ಚಿತ್ರದ ಕೆಳಗೆ ಬಂದು ಕುಳಿತಿತ್ತು. ಓದಿದವರು "ಇದೇ" ಎಂಬುದನ್ನು ಅದರ ಮೇಲಿದ್ದ ಚಿತ್ರಕ್ಕೆ ಜೋಡಿಸಿಕೊಂಡರು.

ಯಾವ ದಾರಿಯಲ್ಲಿ ಕಳುಹಿಸಿದರೆ ಏನು ಉಳಿಯುತ್ತದೆ?

ವಾಟ್ಸಾಪ್‌ನಲ್ಲಿ ಒಂದು ಸಂದೇಶವನ್ನು ಬೆರಳಿನಿಂದ ಒತ್ತಿ ಹಿಡಿದು, ಬೇಕಾದ ಉಳಿದ ಸಂದೇಶಗಳನ್ನೂ ಮುಟ್ಟಿ ಆರಿಸಿ, ಬಾಣದ ಗುರುತನ್ನು ಒತ್ತಿದರೆ ಎಲ್ಲವೂ ಒಟ್ಟಿಗೆ ಫಾರ್ವರ್ಡ್ ಆಗುತ್ತವೆ. ಈ ದಾರಿಯಲ್ಲಿ ಚಿತ್ರದ ಜೊತೆ ಅಡಿಬರಹವೂ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಹೀಗಿರಲಿಲ್ಲ, ಫಾರ್ವರ್ಡ್ ಮಾಡಿದರೆ ಅಡಿಬರಹ ಬಿದ್ದುಹೋಗುತ್ತಿತ್ತು. ಹಳೆಯ ಅಭ್ಯಾಸದವರು ಇಂದಿಗೂ ಅಡಿಬರಹವನ್ನು ಬೇರೆ ಸಂದೇಶವಾಗಿ ಬರೆಯುವುದು ಅದಕ್ಕೇ. ಈಗ ಕಳುಹಿಸುವ ಮುನ್ನ ಅಡಿಬರಹ ಕಾಣಿಸುತ್ತದೆ, ಪಕ್ಕದಲ್ಲಿ ಅದನ್ನು ತೆಗೆದುಹಾಕುವ ಗುಣಾಕಾರ ಚಿಹ್ನೆಯೂ ಇರುತ್ತದೆ. ಆತುರದಲ್ಲಿ ಅದನ್ನು ಮುಟ್ಟಿದರೆ ಚಿತ್ರ ಬರಿಗೈಯಲ್ಲಿ ಹೋಗುತ್ತದೆ.

ಆದರೆ ಮೂಲ ಕಳುಹಿಸಿದವರ ಹೆಸರು ಹೋಗುವುದಿಲ್ಲ. ಬೇರೆಯವರ ಸಂದೇಶವನ್ನು ಫಾರ್ವರ್ಡ್ ಮಾಡಿದರೆ "Forwarded" ಎಂಬ ಗುರುತು ಮಾತ್ರ ಬರುತ್ತದೆ. ಯಾರಿಂದ ಬಂತು, ಯಾವ ಗ್ರೂಪಿನಿಂದ ಬಂತು, ಮೊದಲು ಯಾವ ದಿನ ಕಳುಹಿಸಿದ್ದು ಎಂಬುದು ತಿಳಿಯುವುದಿಲ್ಲ. ನಾವೇ ಬರೆದ ಸಂದೇಶವನ್ನು ನಾವೇ ಫಾರ್ವರ್ಡ್ ಮಾಡಿದರೆ ಆ ಗುರುತೂ ಇರುವುದಿಲ್ಲ. ಚಿತ್ರ ತೆಗೆದವರ ಹೆಸರು ಉಳಿಯಬೇಕಾದರೆ ಅದನ್ನು ಅಡಿಬರಹದಲ್ಲೇ ಬರೆಯಬೇಕು.

ಟೆಲಿಗ್ರಾಂನಲ್ಲಿ ಇದು ತಿರುಗುಮುರುಗು. ಅಲ್ಲಿ ಫಾರ್ವರ್ಡ್ ಮಾಡಿದ ಸಂದೇಶದ ಮೇಲೆ ಮೂಲ ಕಳುಹಿಸಿದವರ ಹೆಸರು ತಾನಾಗಿ ಬರುತ್ತದೆ. ಬೇಡವೆಂದರೆ ಕಳುಹಿಸುವ ಮುನ್ನ ಹೆಸರನ್ನು ಮರೆಮಾಡಬಹುದು, ಅಡಿಬರಹವನ್ನೂ ಮರೆಮಾಡಬಹುದು. ಆದರೆ ಅಡಿಬರಹ ತೆಗೆದು ಹೆಸರನ್ನು ಮಾತ್ರ ಉಳಿಸಲು ಆಗುವುದಿಲ್ಲ. ಅಡಿಬರಹ ತೆಗೆದೊಡನೆ ಅದು ಹೊಸ ಪ್ರತಿಯಾಗುತ್ತದೆ, ಹೆಸರೂ ಹೋಗುತ್ತದೆ. ಇದರಲ್ಲಿ ಒಂದು ನ್ಯಾಯವಿದೆ: ಒಬ್ಬರು ಕಳುಹಿಸಿದ್ದನ್ನು ಬದಲಿಸಿ, ಅವರೇ ಹಾಗೆ ಕಳುಹಿಸಿದರು ಎಂದು ತೋರಿಸಲು ಅವಕಾಶವಿಲ್ಲ.

ಆರು ಗ್ರೂಪುಗಳಿಗೆ ಕಳುಹಿಸುವುದು

ವಾಟ್ಸಾಪ್‌ನಲ್ಲಿ ಒಂದು ಬಾರಿಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಸುಳ್ಳು ಸುದ್ದಿ ನಂಬಿ ಗುಂಪುಗಳು ಜನರನ್ನು ಕೊಂದ ಘಟನೆಗಳ ನಂತರ 2018ರಲ್ಲಿ ಭಾರತದಲ್ಲಿ ಈ ಮಿತಿ ಬಂತು. 2019ರಲ್ಲಿ ಅದು ಎಲ್ಲ ದೇಶಗಳಿಗೂ ವಿಸ್ತರಿಸಿತು. ಈಗಾಗಲೇ "Forwarded" ಗುರುತು ಇರುವ ಸಂದೇಶಕ್ಕೆ ಮಿತಿ ಇನ್ನೂ ಬಿಗಿ: ಐದು ಚಾಟ್‌ಗಳಲ್ಲಿ ಗ್ರೂಪ್ ಒಂದೇ ಇರಬಹುದು. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ "Forwarded many times" ಗುರುತು ಬೀಳುತ್ತದೆ. 2020ರಿಂದ ಅದನ್ನು ಒಂದು ಬಾರಿಗೆ ಒಂದೇ ಚಾಟ್‌ಗೆ ಕಳುಹಿಸಬಹುದು.

ನಮ್ಮವರು ಗ್ಯಾಲರಿಯ ದಾರಿ ಹಿಡಿದದ್ದಕ್ಕೆ ಕಾರಣ ಈ ಮಿತಿಯೇ. ಅವರು ಮೊದಲು ಒಂದು ತಂಡದ ಗ್ರೂಪಿಗೆ ಸರಿಯಾಗಿಯೇ ಫಾರ್ವರ್ಡ್ ಮಾಡಿದ್ದರು. ಆಮೇಲೆ ಆ ಗ್ರೂಪನ್ನೇ ತೆರೆದು, ಅಲ್ಲಿಂದ ಉಳಿದ ಐದಕ್ಕೆ ಕಳುಹಿಸಲು ಹೋದರು. ಆ ಪ್ರತಿಯ ಮೇಲೆ ಆಗಲೇ ಗುರುತು ಬಿದ್ದಿತ್ತು. ಒಂದು ಗ್ರೂಪಿಗಿಂತ ಹೆಚ್ಚು ಆರಿಸಲು ಆಗಲಿಲ್ಲ. ಬೇಸತ್ತು ಗ್ಯಾಲರಿ ತೆರೆದರು.

ಮೂಲ ಗ್ರೂಪಿಗೆ ಹಿಂತಿರುಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅಲ್ಲಿನ ಸಂದೇಶಗಳಿಗೆ ಇನ್ನೂ ಗುರುತಿಲ್ಲ, ಆದ್ದರಿಂದ ಒಮ್ಮೆಗೆ ಐದು ಗ್ರೂಪುಗಳು. ಮತ್ತೆ ಅಲ್ಲಿಂದಲೇ ಅದೇ ಸಂದೇಶಗಳನ್ನು ಆರಿಸಿ ಆರನೆಯದಕ್ಕೆ. ಎರಡು ಸುತ್ತಿನಲ್ಲಿ ಆರೂ ತಂಡಗಳಿಗೆ ಅಡಿಬರಹ ಸಮೇತ ತಲುಪುತ್ತಿತ್ತು. ನೆನಪಿಡಬೇಕಾದದ್ದು ಇಷ್ಟೇ: ಪ್ರತಿಯಿಂದ ಪ್ರತಿ ಮಾಡಬಾರದು, ಪ್ರತಿ ಬಾರಿಯೂ ಮೂಲದಿಂದಲೇ ಹೊರಡಬೇಕು.

ಮತ್ತೆ ಕಳುಹಿಸಿದ ಬಗೆ

ಅದೇ ಸಂಜೆ ನಾವು ಚಿತ್ರಗಳನ್ನು ತೆಗೆದವರಿಂದಲೇ ಹೊಸದಾಗಿ ಹಾಕಿಸಿದೆವು. ಅಡಿಬರಹದಲ್ಲಿ "ಇದು", "ಮೇಲಿನದು", "ಹಿಂದಿನ ಚಿತ್ರ" ಎಂಬ ಮಾತು ಇರಬಾರದು ಎಂದು ನಿಯಮ ಮಾಡಿಕೊಂಡೆವು. ತಾಳಗುಂದದ ಚಿತ್ರಕ್ಕೆ ಹೀಗೆ ಬರೆದರು: "ತಾಳಗುಂದ, ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನ ಸ್ತಂಭ. ಕದಂಬ ಶಾಂತಿವರ್ಮನ ಕಾಲ, 5ನೇ ಶತಮಾನ. ಕದಂಬರ ಪಾಠಕ್ಕೆ." ಕೊನೆಯಲ್ಲಿ ಚಿತ್ರ ತೆಗೆದವರ ಹೆಸರು. ಬಳ್ಳಿಗಾವಿಯದಕ್ಕೆ: "ಬಳ್ಳಿಗಾವಿ, ಭೇರುಂಡೇಶ್ವರ ಸ್ತಂಭ, 1047. ಚಾಲುಕ್ಯರ ಪಾಠಕ್ಕೆ." ಉತ್ತರವಾಗಿ ಬಂದಿದ್ದ ಮಾತು ಈಗ ಅಡಿಬರಹದೊಳಗೇ ಸೇರಿತು, ಬೇರೆ ಸಂದೇಶ ಬೇಕಾಗಲಿಲ್ಲ.

ಆರು ಗ್ರೂಪುಗಳಿಗೆ ಹೋಗುವ ಮೊದಲು ಎಲ್ಲವನ್ನೂ ಒಟ್ಟಿಗೆ ಆರಿಸಿ, ಕಳುಹಿಸುವವರು ತಮ್ಮದೇ ಸಂಖ್ಯೆಯ ಚಾಟ್‌ಗೆ ಒಮ್ಮೆ ಕಳುಹಿಸಿಕೊಂಡರು. ಪ್ರತಿ ಚಿತ್ರವನ್ನೂ ತೆರೆದು ಕೆಳಗೆ ಅಡಿಬರಹ ಇದೆಯೇ ಎಂದು ನೋಡಿದರು. ಅಲ್ಲಿ ಕಂಡದ್ದೇ ಎಲ್ಲರಿಗೂ ಕಾಣುತ್ತದೆ. ನೋಡಿದ ಮೇಲೆ ಮೂಲ ಗ್ರೂಪಿಗೆ ಮರಳಿ ಅಲ್ಲಿಂದ ಕಳುಹಿಸಿದರು.

ಹಳೆಯ ತಪ್ಪು ಚಿತ್ರಗಳ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಭೇಟಿಯ ಗ್ರೂಪಿನಲ್ಲಿ ಸಂದೇಶವನ್ನು ಅಳಿಸಿದರೂ ತಿದ್ದಿದರೂ ಬೇರೆ ಗ್ರೂಪುಗಳಿಗೆ ಹೋದ ಪ್ರತಿಗಳು ಹಾಗೆಯೇ ಉಳಿಯುತ್ತವೆ. ಒಂದೊಂದು ಪ್ರತಿಯೂ ಪ್ರತ್ಯೇಕ ಸಂದೇಶ. ಆದ್ದರಿಂದ ಆರೂ ಗ್ರೂಪುಗಳಲ್ಲಿ ತಪ್ಪು ಸಂದೇಶಕ್ಕೆ ಉತ್ತರವಾಗಿಯೇ ತಿದ್ದುಪಡಿ ಬರೆಯಬೇಕಾಯಿತು.

ವೀಕ್ಷಣಾ ಟಿಪ್ಪಣಿಗಳಿಗೆ ಒಂದು ಎಚ್ಚರಿಕೆ

ಹೆಸರು ಹೋಗದಿರುವುದು ಒಂದು ಕಷ್ಟವಾದರೆ, ಬೇಡದ ಕಡೆ ಹೆಸರು ಹೋಗುವುದು ಇನ್ನೊಂದು. ವಾಟ್ಸಾಪ್‌ನಲ್ಲಿ ಒಂದೇ ಸಂದೇಶವನ್ನು ನಕಲು ಮಾಡಿ ಅಂಟಿಸಿದರೆ ಮಾತು ಮಾತ್ರ ಬರುತ್ತದೆ. ಹಲವನ್ನು ಒಟ್ಟಿಗೆ ಆರಿಸಿ ನಕಲು ಮಾಡಿದರೆ ಪ್ರತಿ ಸಾಲಿನ ಮುಂದೆ ದಿನಾಂಕ, ಸಮಯ ಮತ್ತು ಬರೆದವರ ಹೆಸರು ಬರುತ್ತವೆ. ಸಹಪಾಠಿಗಳು ಪಾಠ ನೋಡಿ ಬರೆದ ಟಿಪ್ಪಣಿಗಳನ್ನು ದಾಖಲೆ ಪುಸ್ತಕಕ್ಕೆ ಇಳಿಸುವಾಗ ಇದು ಅನುಕೂಲ. ಅದೇ ಟಿಪ್ಪಣಿಗಳನ್ನು ಶಾಲೆಯ ಗ್ರೂಪಿಗೆ ಅಂಟಿಸಿದರೆ, "ಕಪ್ಪುಹಲಗೆ ಬಳಕೆ ಸಾಲದು" ಎಂದು ಬರೆದವರು ಯಾರೆಂಬುದು ಎಲ್ಲರಿಗೂ ತಿಳಿಯುತ್ತದೆ. ಅಂಟಿಸಿದ ಮೇಲೆ, ಕಳುಹಿಸುವ ಗುಂಡಿ ಒತ್ತುವ ಮುಂಚೆ, ಹೆಸರುಗಳನ್ನು ಅಳಿಸಬೇಕು.

ಮರುವಾರ ಆ ಪ್ರಶಿಕ್ಷಣಾರ್ಥಿಯು ಎರಡೂ ಕಂಬಗಳ ಚಿತ್ರವನ್ನು ಅಕ್ಕಪಕ್ಕ ತೋರಿಸಿ, ಯಾವುದು ಯಾವ ಊರಿನದು ಎಂದು ತರಗತಿಯನ್ನೇ ಕೇಳಿದರು. ಬಳ್ಳಿಗಾವಿಯ ಹುಡುಗ ಈ ಸಲ ಕೈ ಎತ್ತಲಿಲ್ಲ, ಬೇರೆಯವರು ಹೇಳಲಿ ಎಂದು ನಗುತ್ತಾ ಕುಳಿತಿದ್ದ.